ಕೇಂದ್ರ ಬ್ಯಾಂಕಿನ ಸ್ವಾಯತ್ತತೆ ಮತ್ತು ಸರಾಸರಿ ಹಣದುಬ್ಬರ: ಪ್ರಬಂಧ ಬರೆಯುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬೈ, ಪುಣೆಯಲ್ಲಿ ಓದುತ್ತ ಅರ್ಥಶಾಸ್ತ್ರದ ಉತ್ತರವನ್ನು ಕನ್ನಡದಲ್ಲಿ ಬರೆಯಲು ಹೊರಟವರಿಗಾಗಿ ಈ ಪುಟ. ಪದವಿ ಪರೀಕ್ಷೆಯಾಗಲಿ, ಯುಪಿಎಸ್‌ಸಿ ಮುಖ್ಯ ಪರೀಕ್ಷೆಯಾಗಲಿ, ಪ್ರಶ್ನೆ ಸಾಮಾನ್ಯವಾಗಿ ಒಂದೇ ಧಾಟಿಯಲ್ಲಿ ಬರುತ್ತದೆ: "ಕೇಂದ್ರ ಬ್ಯಾಂಕಿಗೆ ಸ್ವಾಯತ್ತತೆ ಕೊಟ್ಟರೆ ಸರಾಸರಿ ಹಣದುಬ್ಬರ ಇಳಿಯುತ್ತದೆ. ವಿಮರ್ಶಿಸಿ."

ಪ್ರಶ್ನೆಯಲ್ಲಿ "ಸರಾಸರಿ" ಅಂತ ಯಾಕೆ ಹಾಕಿರುತ್ತಾರೆ? ಬರೀ ಹಣದುಬ್ಬರ ಅಂದರೆ ಸಾಲದೆ?

ಸಾಲದು. ಮಳೆ ಕೈಕೊಟ್ಟು ವಾಶಿಯ ಎಪಿಎಂಸಿಯಲ್ಲಿ ಈರುಳ್ಳಿ ದರ ದುಪ್ಪಟ್ಟಾದರೆ, ಅಥವಾ ಕಚ್ಚಾ ತೈಲ ಏಕಾಏಕಿ ಏರಿದರೆ, ಎಷ್ಟೇ ಸ್ವತಂತ್ರವಾದ ಕೇಂದ್ರ ಬ್ಯಾಂಕ್ ಇದ್ದರೂ ಆ ವರ್ಷದ ಹಣದುಬ್ಬರ ಏರಿಯೇ ಏರುತ್ತದೆ. ಅಂಥ ಹೊಡೆತವನ್ನು ತಡೆಯುತ್ತೇವೆಂದು ಸ್ವಾಯತ್ತತೆಯ ವಾದ ಎಲ್ಲೂ ಹೇಳುವುದಿಲ್ಲ. ಹೊಡೆತವೇ ಇಲ್ಲದ ವರ್ಷಗಳಲ್ಲೂ ಕೆಲವು ದೇಶಗಳಲ್ಲಿ ಹಣದುಬ್ಬರ ಶೇ 7–8ರ ಹತ್ತಿರ ಕೂತಿರುತ್ತದಲ್ಲ, ಆ ಕಾಯಂ ಎತ್ತರಕ್ಕೆ ಕಾರಣ ಏನು ಎಂಬುದು ಅದರ ವಿಷಯ. ಒಂದೆರಡು ವರ್ಷದ ಅಂಕಿ ಎತ್ತಿ ಹಿಡಿದು "ನೋಡಿ, ಸ್ವಾಯತ್ತತೆ ಇದ್ದರೂ ಬೆಲೆ ಏರಿತು" ಎಂದು ಬರೆದ ಉತ್ತರ ಅಲ್ಲೇ ದಾರಿ ತಪ್ಪಿರುತ್ತದೆ.

ಮಹಾರಾಷ್ಟ್ರದಲ್ಲಿ ಓದಿದವರು ಗಮನಿಸಬೇಕಾದ ಇನ್ನೊಂದು ಮಾತಿದೆ. ಮರಾಠಿ ಪಠ್ಯದಲ್ಲಿ ಹಣದುಬ್ಬರಕ್ಕೆ "ಚಲನವಾಢ" ಎನ್ನುತ್ತಾರೆ, ಪದಶಃ ಚಲಾವಣೆಯ ಹೆಚ್ಚಳ. ಅದನ್ನೇ ತಲೆಯಲ್ಲಿಟ್ಟುಕೊಂಡು ಕನ್ನಡದಲ್ಲಿ ಬರೆಯುವಾಗ "ಹಣದ ಪೂರೈಕೆ ಹೆಚ್ಚುವುದೇ ಹಣದುಬ್ಬರ" ಎಂದು ವ್ಯಾಖ್ಯೆ ಕೊಡುವವರಿದ್ದಾರೆ. ಹಣದುಬ್ಬರ ಎಂದರೆ ಸಾಮಾನ್ಯ ಬೆಲೆಮಟ್ಟ ಏರುವ ವೇಗ. ಹಣದ ಪೂರೈಕೆ ಅದಕ್ಕೆ ಒಂದು ಕಾರಣ ಮಾತ್ರ.

ಸ್ವಾಯತ್ತತೆ ಎಂದರೆ ಸರಕಾರದ ಮಾತು ಕೇಳಬೇಕಾಗಿಲ್ಲ ಎಂದರ್ಥವೆ?

ಹಾಗಲ್ಲ. ಗುರಿ ನಿಗದಿ ಮಾಡುವ ಸ್ವಾತಂತ್ರ್ಯ ಬೇರೆ, ಆ ಗುರಿ ಮುಟ್ಟಲು ಬಡ್ಡಿದರವನ್ನು ತಾನೇ ನಿರ್ಧರಿಸುವ ಸ್ವಾತಂತ್ರ್ಯ ಬೇರೆ. ಮೊದಲನೆಯದನ್ನು ಗುರಿಯ ಸ್ವಾಯತ್ತತೆ, ಎರಡನೆಯದನ್ನು ಸಾಧನದ ಸ್ವಾಯತ್ತತೆ ಎಂದು ಬರೆಯಿರಿ. 1997ರ ಮೇನಲ್ಲಿ ಬ್ರಿಟನ್ನಿನ ಹಣಕಾಸು ಸಚಿವ ಗಾರ್ಡನ್ ಬ್ರೌನ್ ಬ್ಯಾಂಕ್ ಆಫ್ ಇಂಗ್ಲೆಂಡಿಗೆ ಕೊಟ್ಟದ್ದು ಎರಡನೆಯದನ್ನು ಮಾತ್ರ. ಗುರಿಯ ಅಂಕಿಯನ್ನು ಸರಕಾರ ತನ್ನ ಕೈಯಲ್ಲೇ ಇಟ್ಟುಕೊಂಡಿತು. ನಮ್ಮಲ್ಲೂ ಅಷ್ಟೆ: ರಿಸರ್ವ್ ಬ್ಯಾಂಕ್ ಕಾಯ್ದೆಗೆ 2016ರಲ್ಲಿ ಆದ ತಿದ್ದುಪಡಿಯ ಪ್ರಕಾರ ಶೇ 4, ಅದರ ಮೇಲೆ ಕೆಳಗೆ ಶೇ 2ರ ಅವಕಾಶ ಎಂಬ ಗುರಿಯನ್ನು ಅಧಿಸೂಚನೆ ಹೊರಡಿಸಿದ್ದು ಕೇಂದ್ರ ಸರಕಾರ, ರಿಸರ್ವ್ ಬ್ಯಾಂಕಿನೊಡನೆ ಸಮಾಲೋಚಿಸಿ. ರೆಪೊ ದರ ಎಷ್ಟಿರಬೇಕು ಎಂಬುದು ಮಾತ್ರ ಹಣಕಾಸು ನೀತಿ ಸಮಿತಿಯ ಕೈಯಲ್ಲಿದೆ.

ಈ ಭೇದ ಬರೆದಿಟ್ಟರೆ "ಚುನಾಯಿತರಲ್ಲದವರಿಗೆ ಇಷ್ಟು ಅಧಿಕಾರ ಯಾಕೆ" ಎಂಬ ಆಕ್ಷೇಪಕ್ಕೂ ಅರ್ಧ ಉತ್ತರ ಸಿಕ್ಕಿರುತ್ತದೆ.

ಸ್ವಾಯತ್ತತೆಯಿಂದ ಹಣದುಬ್ಬರ ಇಳಿಯುವುದು ಹೇಗೆ? ಕಾರ್ಯವಿಧಾನವನ್ನು ಸರಳವಾಗಿ ಹೇಳಿ.

"ರಾಜಕಾರಣಿಗಳು ನೋಟು ಮುದ್ರಿಸಲು ಒತ್ತಡ ಹಾಕುತ್ತಾರೆ" ಎಂದು ಮುಗಿಸಿಬಿಡುವವರೇ ಹೆಚ್ಚು. ಅದು ಸುಳ್ಳಲ್ಲ, ಆದರೆ ಸಿದ್ಧಾಂತದ ಬೆನ್ನೆಲುಬು ಬೇರೆಯೇ ಇದೆ. ಸರಕಾರ ಒಳ್ಳೆಯದೇ ಆಗಿದ್ದರೂ, ಜನರ ಹಿತವನ್ನೇ ಬಯಸಿದರೂ, ಹಣದುಬ್ಬರ ಬೇಕಾದ್ದಕ್ಕಿಂತ ಮೇಲೆಯೇ ನಿಲ್ಲುತ್ತದೆ ಎಂಬುದು ಆ ಸಿದ್ಧಾಂತದ ನಿಜವಾದ ಅಚ್ಚರಿ.

ಮಾಟುಂಗದ ಒಂದು ಉಡುಪಿ ಹೋಟೆಲ್ ಅಂದುಕೊಳ್ಳಿ. ಏಪ್ರಿಲ್‌ನಲ್ಲಿ ಮಾಲೀಕರೂ ಅಡುಗೆಯವರೂ ಕೂತು ಇಡೀ ವರ್ಷದ ಸಂಬಳ ಗೊತ್ತುಮಾಡುತ್ತಾರೆ. ಬೆಲೆಗಳು ಶೇ 4ರಷ್ಟು ಏರಬಹುದು ಎಂದು ಇಬ್ಬರೂ ನಂಬಿದರೆ ಸಂಬಳವೂ ಶೇ 4 ಏರುತ್ತದೆ. ಒಪ್ಪಂದ ಆದಮೇಲೆ ಸರಕಾರ ಬಡ್ಡಿ ಇಳಿಸಿ ಬೇಡಿಕೆ ಹೆಚ್ಚಿಸಿತು, ಬೆಲೆಗಳು ಶೇ 10 ಏರಿದವು. ಇಡ್ಲಿ ಪ್ಲೇಟಿನ ದರ ಏರಿತು, ಸಂಬಳ ಹಾಗೇ ಉಳಿಯಿತು. ಮಾಲೀಕರ ಲೆಕ್ಕದಲ್ಲಿ ಕೂಲಿ ಅಗ್ಗವಾಯಿತು, ಇನ್ನಿಬ್ಬರನ್ನು ಕೆಲಸಕ್ಕೆ ತೆಗೆದುಕೊಂಡರು. ಊರೆಲ್ಲ ಹೀಗೇ ಆದರೆ ಆ ವರ್ಷ ಉದ್ಯೋಗ ಹೆಚ್ಚುತ್ತದೆ.

ಆದರೆ ಅಡುಗೆಯವರು ದಡ್ಡರಲ್ಲ. ಮುಂದಿನ ಏಪ್ರಿಲ್‌ನಲ್ಲಿ ಸರಕಾರ "ಈ ಸಲ ಶೇ 4 ಮಾತ್ರ" ಅಂದರೂ ನಂಬುವುದಿಲ್ಲ, ಮೊದಲೇ ಶೇ 10 ಕೇಳುತ್ತಾರೆ. ಆಗ ಬೆಲೆ ಶೇ 10 ಏರಿದರೂ ಯಾರ ಕೂಲಿಯೂ ಅಗ್ಗವಾಗದು, ಒಬ್ಬರಿಗೂ ಹೊಸ ಕೆಲಸ ಸಿಗದು. ಉಳಿಯುವುದು ಹಣದುಬ್ಬರ ಮಾತ್ರ. ಮಾತು ಕೊಡುವಾಗ ಯಾವುದು ಒಳ್ಳೆಯ ನೀತಿಯೋ, ಜನ ಅದನ್ನು ನಂಬಿ ಒಪ್ಪಂದ ಮಾಡಿಕೊಂಡ ಮೇಲೆ ಅದನ್ನು ಮುರಿಯುವುದೇ ಲಾಭವೆನಿಸುತ್ತದೆ. ಇದನ್ನೇ ಕಾಲ ಅಸಂಗತತೆ ಎನ್ನುವುದು. 1977ರಲ್ಲಿ ಫಿನ್ ಕಿಡ್‌ಲ್ಯಾಂಡ್ ಮತ್ತು ಎಡ್ವರ್ಡ್ ಪ್ರೆಸ್ಕಾಟ್ ಇದನ್ನು ಮಂಡಿಸಿದರು. 1983ರಲ್ಲಿ ರಾಬರ್ಟ್ ಬ್ಯಾರೊ ಮತ್ತು ಡೇವಿಡ್ ಗಾರ್ಡನ್ ಅದನ್ನು ಹಣಕಾಸು ನೀತಿಗೆ ಹೊಂದಿಸಿ ಬೆಳೆಸಿದರು. ಮಾತು ಮುರಿಯುವ ಆಸೆ ಕಡಿಮೆ ಇರುವವರ ಕೈಗೆ ಬಡ್ಡಿದರವನ್ನು ಒಪ್ಪಿಸಿ ಎಂಬ ಪರಿಹಾರವನ್ನು 1985ರಲ್ಲಿ ಕೆನೆತ್ ರೊಗಾಫ್ ಮುಂದಿಟ್ಟರು.

ಇದನ್ನು ಲೆಕ್ಕದಲ್ಲಿ ತೋರಿಸಬಹುದೆ? ಗಣಿತ ಬರದವರಿಗೂ ಆಗುವಂತೆ?

ಒಂದೇ ಸಮೀಕರಣ ಸಾಕು.

```
L = ½π² − b(π − πᵉ)
```

L ಎಂದರೆ ಸಮಾಜಕ್ಕೆ ಆಗುವ ನಷ್ಟ, π ನಿಜವಾದ ಹಣದುಬ್ಬರ, πᵉ ಜನ ನಿರೀಕ್ಷಿಸಿದ ಹಣದುಬ್ಬರ. b ಎಂಬುದು ಅನಿರೀಕ್ಷಿತ ಹಣದುಬ್ಬರದಿಂದ ಸಿಗುವ ಉದ್ಯೋಗದ ಲಾಭಕ್ಕೆ ನೀತಿ ಮಾಡುವವರು ಕೊಡುವ ಬೆಲೆ. ಸರಕಾರದ b = 6 ಎಂದಿಟ್ಟುಕೊಳ್ಳಿ. ನಿರೀಕ್ಷೆ ಎಷ್ಟೇ ಇದ್ದರೂ ನಷ್ಟ ಅತಿ ಕಡಿಮೆಯಾಗುವುದು π = b ಆದಾಗ, ಅಂದರೆ ಶೇ 6ರಲ್ಲಿ.

ಸರಕಾರ ಸೊನ್ನೆಯ ಮಾತು ಕೊಟ್ಟು, ಜನ ನಂಬಿ, ಆಮೇಲೆ ಶೇ 6 ಮಾಡಿದರೆ L = 18 − 36 = −18. ನಷ್ಟ ಋಣವಾಗಿದೆ, ಅಂದರೆ ಲಾಭ. ಆಸೆ ಹುಟ್ಟುವುದು ಇಲ್ಲೇ. ಜನ ಅದನ್ನು ಮೊದಲೇ ಊಹಿಸಿ ಶೇ 6 ನಿರೀಕ್ಷಿಸಿದರೆ L = 18 − 0 = 18. ಇಷ್ಟು ನಷ್ಟಕ್ಕೆ ಪ್ರತಿಯಾಗಿ ಏನೂ ಸಿಕ್ಕಲಿಲ್ಲ. ಇನ್ನು b = 2 ಇರುವ ಗವರ್ನರಿಗೆ ಅಧಿಕಾರ ಕೊಟ್ಟರೆ ಹಣದುಬ್ಬರವೂ ನಿರೀಕ್ಷೆಯೂ ಶೇ 2ರಲ್ಲಿ ಸೇರುತ್ತವೆ, L = 2. ಉದ್ಯೋಗ ಎರಡು ಕಡೆಯೂ ಅಷ್ಟೇ ಇದೆ, ಹಣದುಬ್ಬರ ಮಾತ್ರ ಮೂರನೇ ಒಂದು ಭಾಗಕ್ಕಿಳಿದಿದೆ.

ನಾಲ್ಕನೆಯ ಸಂದರ್ಭವನ್ನು ಯಾರೂ ಬರೆಯುವುದಿಲ್ಲ, ಆದರೆ ಅದೇ ಉತ್ತರಕ್ಕೆ ತೂಕ ಕೊಡುವುದು. ಜನ ಶೇ 6 ನಿರೀಕ್ಷಿಸಿರುವಾಗ ಸರಕಾರ ಪ್ರಾಮಾಣಿಕವಾಗಿ ಸೊನ್ನೆ ಮಾಡಿದರೆ L = 0 + 36 = 36. ಎಲ್ಲಕ್ಕಿಂತ ಕೆಟ್ಟ ಫಲ: ಸಂಬಳ ಏರಿದೆ, ಬೆಲೆ ಏರಿಲ್ಲ, ಹೋಟೆಲಿನವರು ಆಳುಗಳನ್ನು ಬಿಡುತ್ತಾರೆ. ನಂಬಿಕೆ ಇಲ್ಲದ ಕಡೆ ಹಣದುಬ್ಬರ ಇಳಿಸುವುದು ಯಾಕಷ್ಟು ದುಬಾರಿ ಎಂಬುದಕ್ಕೆ ಉತ್ತರ ಈ 36ರಲ್ಲಿದೆ.

ಅಂಕಿಅಂಶದ ಆಧಾರ ಯಾವುದನ್ನು ಕೊಡಬೇಕು?

1993ರಲ್ಲಿ ಪ್ರಕಟವಾದ ಆಲ್ಬರ್ಟೊ ಅಲೆಸಿನಾ ಮತ್ತು ಲಾರೆನ್ಸ್ ಸಮರ್ಸ್ ಅಧ್ಯಯನವನ್ನು ಕೊಡಿ. 16 ಮುಂದುವರಿದ ದೇಶಗಳು, 1955ರಿಂದ 1988ರ ಅವಧಿ. ಸ್ವಾಯತ್ತತೆಗೆ ಅಂಕ, 4 ಎಂದರೆ ಅತಿ ಹೆಚ್ಚು. ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿಗೆ 4, ಅವುಗಳ ಸರಾಸರಿ ಹಣದುಬ್ಬರ ಶೇ 3.0 ಮತ್ತು 3.2. ಅಮೆರಿಕಕ್ಕೆ 3.5, ಹಣದುಬ್ಬರ ಶೇ 4.1. ಬ್ರಿಟನ್ನಿಗೆ 2, ಶೇ 6.7. ತಳದಲ್ಲಿ ಸ್ಪೇನ್ 1.5ಕ್ಕೆ ಶೇ 8.5, ನ್ಯೂಜಿಲೆಂಡ್ 1ಕ್ಕೆ ಶೇ 7.6. ಅಡ್ಡ ಗೆರೆಯಲ್ಲಿ ಸ್ವಾಯತ್ತತೆ, ಉದ್ದ ಗೆರೆಯಲ್ಲಿ ಹಣದುಬ್ಬರ ಹಾಕಿ ಈ ಆರು ಚುಕ್ಕೆ ಇಟ್ಟರೆ ಎಡದಿಂದ ಬಲಕ್ಕೆ ಇಳಿಯುವ ಚಿತ್ರ ಎರಡು ನಿಮಿಷದಲ್ಲಿ ಬರುತ್ತದೆ.

ಅದೇ ಅಧ್ಯಯನದ ಇನ್ನರ್ಧವನ್ನು ಬಿಡಬೇಡಿ. ಬೆಳವಣಿಗೆ, ನಿರುದ್ಯೋಗ ಇವಕ್ಕೂ ಸ್ವಾಯತ್ತತೆಗೂ ಅಂಥ ಸಂಬಂಧವೇನೂ ಕಾಣಲಿಲ್ಲ. ಮೇಲಿನ ಲೆಕ್ಕದಲ್ಲಿ b = 6 ಮತ್ತು b = 2 ಎರಡರಲ್ಲೂ ಉದ್ಯೋಗ ಒಂದೇ ಇತ್ತಲ್ಲ, ಅದಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಏಳನೆಯ ಚುಕ್ಕೆಯಾಗಿ ಬೆಲ್ಜಿಯಂ ಹಾಕಿ. ಬ್ರಿಟನ್ನಿನಷ್ಟೇ ಅಂಕ, 2. ಆದರೆ ಹಣದುಬ್ಬರ ಅಮೆರಿಕದಷ್ಟು, ಶೇ 4.1. ಬೆಲ್ಜಿಯಂ ತನ್ನ ಫ್ರಾಂಕನ್ನು ಜರ್ಮನ್ ಮಾರ್ಕಿಗೆ ಹತ್ತಿರವಾಗಿ ಕಟ್ಟಿಕೊಂಡಿತ್ತು. ಮಾತಿಗೆ ಕಟ್ಟುಬೀಳಲು ಸ್ವಾಯತ್ತತೆ ಒಂದೇ ದಾರಿಯಲ್ಲ, ವಿನಿಮಯ ದರವನ್ನು ಕಟ್ಟಿಹಾಕುವುದೂ ಒಂದು ದಾರಿ ಎಂದು ಬರೆಯಲು ಈ ಚುಕ್ಕೆ ಸಾಕ್ಷಿ.

ಸಂಬಂಧ ಇದೆ ಎಂದರೆ ಕಾರಣವೂ ಅದೇ ಎಂದಾಯಿತೆ?

ಆಗಲಿಲ್ಲ. ವಿಮರ್ಶೆಯ ಅಂಕಗಳು ಇಲ್ಲಿವೆ. 1923ರ ಮಹಾಹಣದುಬ್ಬರದಲ್ಲಿ ಉಳಿತಾಯವೆಲ್ಲ ಕರಗಿಹೋದ ನೆನಪು ಜರ್ಮನರಲ್ಲಿತ್ತು. ಅಂಥ ಜನ ಹಣದುಬ್ಬರವನ್ನೂ ಸಹಿಸುವುದಿಲ್ಲ, ಸ್ವತಂತ್ರ ಬ್ಯಾಂಕನ್ನೂ ಕಟ್ಟುತ್ತಾರೆ. ಹಾಗಾದರೆ ಬೆಲೆ ಇಳಿಸಿದ್ದು ಬ್ಯಾಂಕೋ, ಜನರ ಹೆದರಿಕೆಯೋ? ಆಡಮ್ ಪೋಸನ್ ಈ ಬಗೆಯ ಆಕ್ಷೇಪವನ್ನೇ ಎತ್ತಿದರು: ಹಣದುಬ್ಬರವನ್ನು ವಿರೋಧಿಸುವ ಬಲವಾದ ಗುಂಪು, ಮುಖ್ಯವಾಗಿ ಹಣಕಾಸು ವಲಯ, ಬೆನ್ನಿಗಿದ್ದಾಗ ಮಾತ್ರ ಸ್ವಾಯತ್ತತೆಗೆ ಬೆಲೆ.

ಇದಕ್ಕೆ ಪ್ರತಿವಾದವಾಗಿ 1997ರ ಬ್ರಿಟನ್ ಒದಗುತ್ತದೆ. ಬ್ರೌನ್ ಘೋಷಣೆ ಬಹುಮಟ್ಟಿಗೆ ಯಾರೂ ನಿರೀಕ್ಷಿಸದೆ ಬಂತು. ಜನರ ಸ್ವಭಾವ ಒಂದು ದಿನದಲ್ಲಿ ಬದಲಾಗುವುದಿಲ್ಲ. ಆದರೂ ದೀರ್ಘಾವಧಿಯ ಸರಕಾರಿ ಬಾಂಡ್‌ಗಳ ಇಳುವರಿ ಕೂಡಲೇ ಇಳಿಯಿತು, ಅಂದರೆ ಮುಂದಿನ ವರ್ಷಗಳ ಹಣದುಬ್ಬರದ ನಿರೀಕ್ಷೆಯನ್ನು ಮಾರುಕಟ್ಟೆ ತಗ್ಗಿಸಿತು. ನಮ್ಮ ದೃಷ್ಟಿಯಲ್ಲಿ, ಹತ್ತು ದೇಶಗಳ ಹೋಲಿಕೆಗಿಂತ ಈ ಒಂದು ದಿನದ ಸಾಕ್ಷ್ಯಕ್ಕೇ ಬಲ ಹೆಚ್ಚು.

ಅಭಿವೃದ್ಧಿಶೀಲ ದೇಶಗಳಲ್ಲಿ ಈ ಸಂಬಂಧ ಕಾಣುವುದಿಲ್ಲ ಎನ್ನುತ್ತಾರಲ್ಲ?

ಕಾನೂನನ್ನು ಓದಿ ಅಂಕ ಕೊಟ್ಟರೆ ಕಾಣುವುದಿಲ್ಲ. 1992ರಲ್ಲಿ ಅಲೆಕ್ಸ್ ಕುಕಿಯರ್ಮನ್ ಮತ್ತು ಸಂಗಡಿಗರು 72 ದೇಶಗಳನ್ನು ನೋಡಿದಾಗ ಸಿಕ್ಕ ಫಲ ಇದೇ. ಕಾಗದದ ಮೇಲೆ ಸ್ವಾಯತ್ತತೆ, ನಡವಳಿಕೆಯಲ್ಲಿ ಗುಲಾಮಗಿರಿ. ಆಗ ಅವರು ಬಳಸಿದ ಅಳತೆ ಗವರ್ನರ್ ಬದಲಾವಣೆಯ ದರ: ಬದಲಾದ ಗವರ್ನರುಗಳ ಸಂಖ್ಯೆಯನ್ನು ವರ್ಷಗಳಿಂದ ಭಾಗಿಸುವುದು. 0.25 ಬಂದರೆ ಸರಾಸರಿ ಅವಧಿ ನಾಲ್ಕು ವರ್ಷ. ಅದಕ್ಕಿಂತ ಮೇಲೇರಿದರೆ ಗವರ್ನರ್ ಸರಕಾರಕ್ಕಿಂತ ಮೊದಲೇ ಮನೆಗೆ ಹೋಗುತ್ತಾರೆ ಎಂದರ್ಥ. ಅಭಿವೃದ್ಧಿಶೀಲ ದೇಶಗಳಲ್ಲಿ ಈ ದರ ಹೆಚ್ಚಿದಷ್ಟೂ ಹಣದುಬ್ಬರ ಹೆಚ್ಚು.

ಮಿಂಟ್ ರೋಡಿನ ನಮ್ಮ ರಿಸರ್ವ್ ಬ್ಯಾಂಕಿನ ಲೆಕ್ಕವನ್ನು ನಾವೇ ಹಾಕಬಹುದು. 1949ರ ಜುಲೈಯಲ್ಲಿ ಬೆನೆಗಲ್ ರಾಮರಾವ್ ಬಂದಲ್ಲಿಂದ 2024ರ ಡಿಸೆಂಬರಿನಲ್ಲಿ ಶಕ್ತಿಕಾಂತ ದಾಸ್ ಹೊರಟವರೆಗೆ ಸುಮಾರು 75 ವರ್ಷ, 22 ಗವರ್ನರುಗಳು. 22ನ್ನು 75ರಿಂದ ಭಾಗಿಸಿದರೆ 0.29. ಗಡಿ ದಾಟಿತು! ಆದರೆ ಅವರಲ್ಲಿ ಅಂಬೇಗಾಂವಕರ್, ಅಡಾರ್ಕರ್, ಸೆನ್ ಗುಪ್ತಾ, ಅಮಿತಾವ ಘೋಷ್ ಈ ನಾಲ್ವರು ಕೆಲವು ವಾರಗಳಿಂದ ಮೂರು ತಿಂಗಳವರೆಗೆ ಮಾತ್ರ ಕುರ್ಚಿ ಕಾದವರು. ಅವರನ್ನು ಬಿಟ್ಟರೆ 18, ದರ 0.24. 1992ರ ಡಿಸೆಂಬರಿನಿಂದ ಮಾತ್ರ ಎಣಿಸಿದರೆ 32 ವರ್ಷದಲ್ಲಿ ಏಳು, ದರ 0.22. ಎಲ್ಲಿಂದ ಎಣಿಸುತ್ತೀರಿ, ಹಂಗಾಮಿಗಳನ್ನು ಸೇರಿಸುತ್ತೀರೋ ಇಲ್ಲವೋ ಎಂಬುದರ ಮೇಲೆ ತೀರ್ಪೇ ಬದಲಾಗುತ್ತದೆ. ಅಳತೆಯ ಮಿತಿ ತೋರಿಸಲು ಇದಕ್ಕಿಂತ ಚೆನ್ನಾದ ಉದಾಹರಣೆ ಬೇಡ. ಇನ್ನೊಂದು ಮಿತಿ: ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಗವರ್ನರನ್ನು ಯಾರೂ ಬದಲಿಸುವುದಿಲ್ಲ, ಆಗಲೂ ದರ ಕಡಿಮೆಯೇ ಬರುತ್ತದೆ.

ಸ್ವಾಯತ್ತತೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಉದಾಹರಣೆ?

ಟರ್ಕಿ. 2001ರ ಕಾನೂನು ಅಲ್ಲಿನ ಕೇಂದ್ರ ಬ್ಯಾಂಕಿಗೆ ಬೆಲೆ ಸ್ಥಿರತೆಯ ಗುರಿಯನ್ನೂ ಸಾಧನದ ಸ್ವಾತಂತ್ರ್ಯವನ್ನೂ ಕೊಟ್ಟಿತ್ತು. 2019ರ ಜುಲೈಯಿಂದ 2021ರ ಮಾರ್ಚ್‌ವರೆಗೆ ಇಪ್ಪತ್ತು ತಿಂಗಳಲ್ಲಿ ಮೂವರು ಗವರ್ನರುಗಳನ್ನು ಅಧ್ಯಕ್ಷರು ತೆಗೆದುಹಾಕಿದರು. ಮೂರನೆಯವರಾದ ನಾಜಿ ಅಗ್ಬಾಲ್ ಬಡ್ಡಿಯನ್ನು ಶೇ 19ಕ್ಕೆ ಏರಿಸಿದ ಬೆನ್ನಲ್ಲೇ ಹೋದರು. 2021ರ ಸೆಪ್ಟೆಂಬರಿನಿಂದ ಬಡ್ಡಿ ಇಳಿಯತೊಡಗಿ ಡಿಸೆಂಬರಿಗೆ ಶೇ 14 ಆಯಿತು. ಲಿರಾ ಕುಸಿಯಿತು, ಆಮದು ದುಬಾರಿಯಾಯಿತು. ಅಧಿಕೃತ ಹಣದುಬ್ಬರ 2021ರ ಸೆಪ್ಟೆಂಬರಿನಲ್ಲಿ ಶೇ 20ರ ಹತ್ತಿರ ಇದ್ದದ್ದು 2022ರ ಅಕ್ಟೋಬರಿನಲ್ಲಿ ಶೇ 85 ದಾಟಿತು. 2023ರ ಜೂನ್‌ನಿಂದ ದಿಕ್ಕು ಬದಲಿಸಿ, 2024ರ ಮಾರ್ಚ್ ಹೊತ್ತಿಗೆ ಬಡ್ಡಿಯನ್ನು ಶೇ 50ಕ್ಕೆ ಒಯ್ಯಬೇಕಾಯಿತು.

ಈ ಎಲ್ಲದರ ನಡುವೆ ಬೆಲೆ ಸ್ಥಿರತೆಯೇ ಮುಖ್ಯ ಗುರಿ ಎಂಬ ಕಾನೂನಿನ ಮಾತು ಹಾಗೇ ಇತ್ತು. ಉಕ್ರೇನ್ ಯುದ್ಧದ ಇಂಧನ ಬೆಲೆಯೂ ಒಂದು ಪಾಲು ಹೊತ್ತಿದೆ ಎಂದು ಒಂದು ವಾಕ್ಯ ಸೇರಿಸಿ. ಅದೇ ಹೊಡೆತ ತಿಂದ ಯೂರೋ ವಲಯದ ಹಣದುಬ್ಬರ ಆ ಅಕ್ಟೋಬರಿನಲ್ಲಿ ಶೇ 11ರ ಒಳಗೇ ಇತ್ತು ಎಂಬುದನ್ನೂ.

ನಮ್ಮ ರಿಸರ್ವ್ ಬ್ಯಾಂಕ್ ಎಷ್ಟು ಸ್ವತಂತ್ರ?

ಮೂರು ಘಟ್ಟಗಳಲ್ಲಿ ಹೇಳಿ. ಮೊದಲನೆಯದು ಮಂಗಳೂರು ಮೂಲದ ಕುಟುಂಬದ ರಾಮರಾವ್ ಅವರದು. ಹಣಕಾಸು ಸಚಿವ ಟಿ.ಟಿ. ಕೃಷ್ಣಮಾಚಾರಿ 1956ರ ಕೊನೆಗೆ ಹುಂಡಿಗಳ ಮೇಲಿನ ಸ್ಟಾಂಪ್ ಸುಂಕ ಏರಿಸಿದರು. ಇದರಿಂದ ಬ್ಯಾಂಕುಗಳು ಹುಂಡಿಗಳ ಆಧಾರದ ಮೇಲೆ ರಿಸರ್ವ್ ಬ್ಯಾಂಕಿನಿಂದ ಪಡೆಯುವ ಸಾಲ ತಾನಾಗಿ ದುಬಾರಿಯಾಯಿತು, ಅಂದರೆ ಬಡ್ಡಿದರದ ನಿರ್ಧಾರ ಬಜೆಟ್ಟಿನಿಂದ ಬಂದಂತಾಯಿತು. ರಾಮರಾವ್ ಆಕ್ಷೇಪಿಸಿದರು, ಪ್ರಧಾನಿ ನೆಹರೂ ಸಚಿವರ ಪರ ನಿಂತರು, 1957ರ ಜನವರಿಯಲ್ಲಿ ರಾಮರಾವ್ ರಾಜೀನಾಮೆ ಕೊಟ್ಟರು. ಇಲ್ಲಿ ತಮಾಷೆಯೆಂದರೆ ಸಚಿವರ ಕ್ರಮ ಸಾಲವನ್ನು ಅಗ್ಗ ಮಾಡಲಿಲ್ಲ, ದುಬಾರಿ ಮಾಡಿತು. ಸ್ವಾಯತ್ತತೆಯ ಪ್ರಶ್ನೆ ದರ ಏರಿತೋ ಇಳಿಯಿತೋ ಎಂಬುದಲ್ಲ, ನಿರ್ಧರಿಸಿದ್ದು ಯಾರು ಎಂಬುದು.

ಎರಡನೆಯದು ಕೊರತೆಯ ಹಣ. 1955ರಿಂದ ಒಂದು ಏರ್ಪಾಡಿತ್ತು: ಸರಕಾರದ ಖಾತೆಯ ಶಿಲ್ಕು ನಿಗದಿತ ಮಟ್ಟಕ್ಕಿಂತ ಇಳಿದರೆ ಅಡ್‌ಹಾಕ್ ಟ್ರೆಜರಿ ಬಿಲ್ ಎಂಬ ಅಲ್ಪಾವಧಿ ಸಾಲಪತ್ರ ತಾನಾಗಿ ಸೃಷ್ಟಿಯಾಗಿ ರಿಸರ್ವ್ ಬ್ಯಾಂಕ್ ಹಣ ತುಂಬಬೇಕು. 1974ರಿಂದ ಅದರ ಬಡ್ಡಿ ಶೇ 4.6ರಲ್ಲೇ ನಿಂತಿತ್ತು. ಎಷ್ಟು ಹೊಸ ಹಣ ಹುಟ್ಟಬೇಕೆಂದು ದಿಲ್ಲಿಯ ಖರ್ಚೇ ತೀರ್ಮಾನಿಸುತ್ತಿತ್ತು, ಗವರ್ನರ್ ಯಾರಾದರೇನು. 1994ರ ಒಪ್ಪಂದದಿಂದ ಇದಕ್ಕೆ ಮಿತಿ ಬಿತ್ತು, 1997ರ ಏಪ್ರಿಲ್‌ನಿಂದ ನಿಂತೇಹೋಯಿತು. 2006ರ ಏಪ್ರಿಲ್‌ನಿಂದ ಸರಕಾರದ ಸಾಲಪತ್ರವನ್ನು ರಿಸರ್ವ್ ಬ್ಯಾಂಕ್ ನೇರವಾಗಿ ಹರಾಜಿನಲ್ಲಿ ಕೊಳ್ಳುವಂತೆಯೂ ಇಲ್ಲ, ವಿಶೇಷ ಸಂದರ್ಭ ಬಿಟ್ಟು. ನಮ್ಮ ಮಟ್ಟಿಗೆ ಭಾರತದ ಕಥೆಯಲ್ಲಿ ನಿಜವಾದ ತಿರುವು 1997, 2016 ಅಲ್ಲ.

ಮೂರನೆಯದು 2016. ಆರು ಸದಸ್ಯರ ಹಣಕಾಸು ನೀತಿ ಸಮಿತಿ. ಮೂವರು ರಿಸರ್ವ್ ಬ್ಯಾಂಕಿನವರು, ಮೂವರು ಸರಕಾರ ನೇಮಿಸಿದವರು. ಮತ ಸಮನಾದರೆ ಗವರ್ನರರ ನಿರ್ಣಾಯಕ ಮತ. ಆದರೂ ರಿಸರ್ವ್ ಬ್ಯಾಂಕ್ ಕಾಯ್ದೆಯ 7ನೇ ಕಲಂ ಪ್ರಕಾರ ಗವರ್ನರರೊಡನೆ ಸಮಾಲೋಚಿಸಿ ಸರಕಾರ ನಿರ್ದೇಶನ ಕೊಡಬಹುದು, 11ನೇ ಕಲಂ ಪ್ರಕಾರ ಗವರ್ನರರನ್ನು ತೆಗೆಯಬಹುದು. ಇವೆರಡನ್ನು ಬಿಟ್ಟು "ಪೂರ್ಣ ಸ್ವತಂತ್ರ" ಎಂದು ಬರೆದರೆ ತಪ್ಪು.

2016ರ ನಂತರ ಹಣದುಬ್ಬರ ಇಳಿದಿದೆಯಲ್ಲ, ಅದನ್ನೇ ಪುರಾವೆಯಾಗಿ ಬರೆಯಬಹುದೆ?

ಬರೆಯಿರಿ, ಎಚ್ಚರದಿಂದ. ಚಿಲ್ಲರೆ ಹಣದುಬ್ಬರ 2013–14ರಲ್ಲಿ ಶೇ 9ಕ್ಕಿಂತ ಮೇಲಿತ್ತು. 2016–17ರಲ್ಲಿ ಶೇ 4.5, ಮುಂದಿನೆರಡು ವರ್ಷ ಶೇ 3.6 ಮತ್ತು 3.4. ಆದರೆ 2014ರ ಮಧ್ಯದಲ್ಲಿ ಬ್ಯಾರೆಲ್ಲಿಗೆ 100 ಡಾಲರ್ ಮೇಲಿದ್ದ ತೈಲ 2015ರ ಆರಂಭಕ್ಕೆ 50ರ ಕೆಳಗೆ ಬಂದಿತ್ತು. ಇಳಿಕೆ ಸಮಿತಿ ಹುಟ್ಟುವ ಮೊದಲೇ ಶುರುವಾಗಿತ್ತು.

2022ರ ಜನವರಿಯಿಂದ ಸತತ ಮೂರು ತ್ರೈಮಾಸಿಕ ಸರಾಸರಿ ಶೇ 6 ದಾಟಿದಾಗ ಕಾನೂನಿನಂತೆ ರಿಸರ್ವ್ ಬ್ಯಾಂಕ್ ಸರಕಾರಕ್ಕೆ ಕಾರಣ ವಿವರಿಸುವ ವರದಿ ಕೊಟ್ಟಿತು, ಅದಕ್ಕಾಗಿ ನವೆಂಬರ್ 3ರಂದು ಸಮಿತಿ ವಿಶೇಷವಾಗಿ ಸೇರಿತು. ಆಗ ವರದಿಯನ್ನು ಸಾರ್ವಜನಿಕಗೊಳಿಸಲಿಲ್ಲ. ಉತ್ತರದಾಯಿತ್ವದ ಬಗ್ಗೆ ಬರೆಯುವಾಗ ಈ ಒಂದು ವಿವರ ಒಂದು ಪುಟದ ಉಪದೇಶಕ್ಕೆ ಸಮ. ಇನ್ನು 2012 ಆಧಾರ ವರ್ಷದ ಸೂಚ್ಯಂಕದಲ್ಲಿ ಆಹಾರ ಮತ್ತು ಪಾನೀಯದ ಪಾಲು ಶೇ 45.86. ದಾದರ್ ಮಾರುಕಟ್ಟೆಯ ಟೊಮೆಟೊ ದರವನ್ನು ರೆಪೊ ನೇರವಾಗಿ ಇಳಿಸಲಾರದು. ಟೊಮೆಟೊ ದುಬಾರಿಯಾಯಿತೆಂದು ಎಲ್ಲರೂ ಸಂಬಳ, ಬಾಡಿಗೆ ಏರಿಸುತ್ತ ಹೋಗದಂತೆ ನಿರೀಕ್ಷೆಯನ್ನು ಹಿಡಿದಿಡುವುದಷ್ಟೇ ಅದರಿಂದಾಗುವ ಕೆಲಸ.

ಮೂವತ್ತು ನಿಮಿಷದ ಪ್ರಬಂಧದಲ್ಲಿ ಇಷ್ಟೆಲ್ಲ ಹಿಡಿಸುವುದು ಹೇಗೆ?

ಹಿಡಿಸಬೇಡಿ. ವ್ಯಾಖ್ಯೆ ಮತ್ತು ಎರಡು ಬಗೆಯ ಸ್ವಾಯತ್ತತೆಗೆ ನಾಲ್ಕು ನಿಮಿಷ. ಕಾಲ ಅಸಂಗತತೆಗೆ ಹತ್ತು, ಲೆಕ್ಕದ 18 ಮತ್ತು 2 ಸೇರಿಸಿ. ಚುಕ್ಕೆಚಿತ್ರ ಮತ್ತು ಅದರ ಮೇಲಿನ ಆಕ್ಷೇಪಕ್ಕೆ ಎಂಟು. ಉಳಿದದ್ದರಲ್ಲಿ ಟರ್ಕಿ ಅಥವಾ ಭಾರತ, ಎರಡೂ ಬೇಡ. ಮೊದಲ ಪುಟವನ್ನೆಲ್ಲ 1935ರಲ್ಲಿ ರಿಸರ್ವ್ ಬ್ಯಾಂಕ್ ಸ್ಥಾಪನೆಯಾದ ಇತಿಹಾಸಕ್ಕೆ ಕೊಟ್ಟವರಿಗೆ ಅಲೆಸಿನಾ ಹತ್ತಿರ ಬರುವಷ್ಟರಲ್ಲಿ ಗಂಟೆ ಹೊಡೆದಿರುತ್ತದೆ.